ಸೌತೆಕಾಯಿಯ ಕಹಿ ಎಲ್ಲಿ ಕೂತಿರುತ್ತದೆ, ಅದನ್ನು ತೆಗೆಯುವುದು ಹೇಗೆ

ರಾಮನವಮಿಯ ಹೊತ್ತಿಗೆ ಬಿಸಿಲು ಏರಿರುತ್ತದೆ, ಮನೆಮನೆಯಲ್ಲೂ ಕೋಸಂಬರಿ ಆಗಬೇಕು, ಸೌತೆಕಾಯಿ ಕಹಿಯಾಗುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ. ಒಂದೇ ಗುಡ್ಡೆಯಿಂದ ಆರಿಸಿ ತಂದ ಐದು ಕಾಯಿಗಳಲ್ಲಿ ನಾಲ್ಕು ಚೆನ್ನಾಗಿದ್ದು ಒಂದು ಮಾತ್ರ ಕಹಿ ಇದ್ದರೂ ಸಾಕು. ಸಣ್ಣಗೆ ಹೆಚ್ಚಿ, ನೆನೆದ ಹೆಸರುಬೇಳೆಯ ಜೊತೆ ಕಲಸಿದ ಮೇಲೆ ಆ ಒಂದು ಕಾಯಿಯ ಚೂರುಗಳನ್ನು ಹುಡುಕಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಆಮೇಲೆ ನಿಂಬೆಹಣ್ಣು ಇನ್ನಷ್ಟು ಹಿಂಡಿ, ತೆಂಗಿನತುರಿ ಇನ್ನಷ್ಟು ಸುರಿದು ಸರಿಮಾಡಲು ನೋಡುತ್ತೇವೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಸೌತೆಕಾಯಿಯ ಕಹಿ ಕಾಯಿಯ ತುಂಬ ಒಂದೇ ಸಮನೆ ಹರಡಿರುವುದಿಲ್ಲ. ತೊಟ್ಟಿನ ಕಡೆ ಹೆಚ್ಚು, ಹೂವು ಉದುರಿದ ತುದಿಯ ಕಡೆಗೆ ಹೋದಂತೆ ಕಡಿಮೆ. ಸಿಪ್ಪೆ ಮತ್ತು ಅದರ ಒಳಗಿನ ಕಡುಹಸಿರು ಪದರದಲ್ಲಿ ಹೆಚ್ಚು, ನಡುವಿನ ಬಿಳಿ ತಿರುಳಿನ ಕಡೆಗೆ ಕಡಿಮೆ. ಇಷ್ಟು ತಿಳಿದಿದ್ದರೆ ಎಲ್ಲಿ ಕೊಯ್ಯಬೇಕು, ಎಲ್ಲಿ ರುಚಿ ನೋಡಬೇಕು, ಯಾವಾಗ ಸಿಪ್ಪೆ ತೆಗೆಯಬೇಕು, ಯಾವಾಗ ಇಡೀ ಕಾಯಿಯನ್ನೇ ಬಿಸಾಡಬೇಕು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಇಲ್ಲಿ ಹೇಳುತ್ತಿರುವುದು ಹಸಿಯಾಗಿ ತಿನ್ನುವ ಸೌತೆಕಾಯಿಯ ಬಗ್ಗೆ, ಅಂದರೆ ಕರಾವಳಿಯವರು ಮುಳ್ಳುಸೌತೆ ಎನ್ನುವುದರ ಬಗ್ಗೆ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಬೇರೆ ಜಾತಿಯ ಬಳ್ಳಿ, ಅದು ಕರಬೂಜದ ಹತ್ತಿರದ ನೆಂಟ. ಅದರ ಮಾತು ಆಮೇಲೆ ಸ್ವಲ್ಪ ಬರುತ್ತದೆ.

ಕಹಿ ಬರುವುದೇಕೆ

ಸೌತೆ, ಸೋರೆ, ಹೀರೆ, ಕುಂಬಳ, ಕಲ್ಲಂಗಡಿ ಎಲ್ಲವೂ ಒಂದೇ ಕುಟುಂಬದ ಬಳ್ಳಿಗಳು. ಈ ಕುಟುಂಬದ ಗಿಡಗಳು ತಮ್ಮನ್ನು ತಿನ್ನಬರುವ ಹುಳು, ಪ್ರಾಣಿಗಳನ್ನು ದೂರವಿಡಲು ಕುಕುರ್ಬಿಟಾಸಿನ್ ಎಂಬ ಕಹಿ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ಸೌತೆಯಲ್ಲಿ ಮುಖ್ಯವಾಗಿ ಇರುವುದು ಅದರ ‘ಸಿ’ ಬಗೆ. ಹಿಮಾಲಯದ ತಪ್ಪಲಿನಲ್ಲಿ ಇವತ್ತಿಗೂ ಬೆಳೆಯುವ ಕಾಡುಸೌತೆಯ ಪುಟ್ಟ ಕಾಯಿಗಳು ಬಾಯಿಗಿಡಲಾಗದಷ್ಟು ಕಹಿ. ನಾವು ತಿನ್ನುವ ಸೌತೆ ಆ ವಂಶದ್ದೇ. ಭಾರತದಲ್ಲಿ ರೈತರು ತಲೆಮಾರುಗಳ ಕಾಲ ಕಹಿ ಇಲ್ಲದ ಕಾಯಿಯ ಬೀಜವನ್ನೇ ಆರಿಸಿ ಇಟ್ಟುಕೊಳ್ಳುತ್ತಾ ಬಂದದ್ದರಿಂದ ಕಾಯಿಯ ಕಹಿ ಹಿಂದೆ ಸರಿಯಿತು.

ಆದರೆ ಅದು ಬಳ್ಳಿಯಿಂದಲೇ ಹೋಗಲಿಲ್ಲ. ಮನೆಯಲ್ಲಿ ಸೌತೆ ಬಳ್ಳಿ ಇದ್ದರೆ ಎಲೆಯ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಾಯಿ ಸಿಹಿಯಾಗಿದ್ದರೂ ಎಲೆ ಕಹಿಯೇ ಇರುತ್ತದೆ. 2014ರಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯಲ್ಲಿ ಇದರ ಒಳಗುಟ್ಟು ಸಿಕ್ಕಿತು. ಕಹಿಯನ್ನು ತಯಾರಿಸಲು ಸೌತೆಯಲ್ಲಿ 9 ಜೀನ್‌ಗಳು ಕೆಲಸ ಮಾಡುತ್ತವೆ. ಅವನ್ನು ಚಾಲೂ ಮಾಡುವ ಸ್ವಿಚ್ಚಿನಂಥ ಜೀನ್‌ಗಳು ಎರಡು, ಒಂದು ಎಲೆಗೆ, ಇನ್ನೊಂದು ಕಾಯಿಗೆ. ನಮ್ಮ ಊಟದ ಸೌತೆಯಲ್ಲಿ ಎಲೆಯ ಸ್ವಿಚ್ಚು ಸದಾ ಕೆಲಸ ಮಾಡುತ್ತಿರುತ್ತದೆ, ಕಾಯಿಯ ಸ್ವಿಚ್ಚು ಸಾಮಾನ್ಯವಾಗಿ ಮಲಗಿರುತ್ತದೆ. ಬಳ್ಳಿಗೆ ಸಂಕಟ ಬಂದಾಗ ಅದು ಎದ್ದು ಕೂರುತ್ತದೆ.

ಸಂಕಟ ಎಂದರೆ ಹೆಚ್ಚಾಗಿ ನೀರು ಮತ್ತು ಹವೆಯದು. ನಾಲ್ಕು ದಿನ ಮಣ್ಣು ಒಣಗಿ ಬಿರುಕು ಬಿಟ್ಟು, ಐದನೆಯ ದಿನ ಒಮ್ಮೆಲೇ ನೀರು ಹರಿದರೆ ಬಳ್ಳಿ ತತ್ತರಿಸುತ್ತದೆ. ಸತತ ಬಿರುಬಿಸಿಲು, ಹಗಲಿಗೂ ರಾತ್ರಿಗೂ ತುಂಬ ಅಂತರವಿರುವ ಚಳಿ, ಗೊಬ್ಬರ ಸಾಲದ ಮಣ್ಣು, ಕೊಯ್ಲು ಮುಗಿಯುತ್ತಾ ಬಂದು ಬಳಲಿದ ಬಳ್ಳಿ, ಇವೂ ಕಾರಣಗಳೇ. ಹೂವು ಅರಳಿ ಕಾಯಿ ಕೊಯ್ಲಿಗೆ ಬರಲು ಸುಮಾರು ಒಂದರಿಂದ ಎರಡು ವಾರ ಸಾಕು. ಹಾಗಾಗಿ ಇವತ್ತು ನಿಮ್ಮ ತಟ್ಟೆಯಲ್ಲಿರುವ ಕಹಿ, ಕಳೆದ ವಾರ ಎಲ್ಲೋ ಒಂದು ಹೊಲದಲ್ಲಿ ಬಳ್ಳಿ ಪಟ್ಟ ಪಾಡು. ಒಂದೇ ಬಳ್ಳಿಯಲ್ಲಿ ಬೇರೆ ಬೇರೆ ದಿನ ಕಚ್ಚಿದ ಕಾಯಿಗಳು ಬೇರೆ ಬೇರೆ ಆಗಿರುವುದಕ್ಕೂ ಇದೇ ಕಾರಣ. ಒಂದು ಕಾಯಿಯ ರುಚಿ ನೋಡಿ ಇಡೀ ಚೀಲಕ್ಕೆ ತೀರ್ಪು ಕೊಡುವುದು ಇದರಿಂದಲೇ ಸರಿಯಲ್ಲ.

ಹಾಗಲಬಳ್ಳಿ ಪಕ್ಕದಲ್ಲಿದ್ದರೆ ಸೌತೆ ಕಹಿಯಾಗುತ್ತದೆ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇದು ನಿಜವಲ್ಲ. ಹಾಗಲದ ಪರಾಗದಿಂದ ಸೌತೆ ಕಾಯಿ ಕಟ್ಟುವುದೇ ಇಲ್ಲ. ಪಕ್ಕದ ಬೇರೆ ಸೌತೆ ಬಳ್ಳಿಯ ಪರಾಗ ಬಿದ್ದರೂ ಈ ಕಾಯಿಯ ತಿರುಳು, ಸಿಪ್ಪೆ ಎರಡೂ ತಾಯಿಬಳ್ಳಿಯದೇ. ಪರಾಗ ಬದಲಾಯಿಸುವುದು ಒಳಗಿನ ಬೀಜವನ್ನು, ಅಂದರೆ ಮುಂದಿನ ಬೆಳೆಯನ್ನು.

ಅಂಗಡಿಯಲ್ಲಿ ಆರಿಸುವಾಗ

ಹೊರಗಿನಿಂದ ನೋಡಿ ಕಹಿಯನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಹೇಳಬಲ್ಲೆ ಎನ್ನುವ ಮಾರುವವರ ಮಾತನ್ನು ಅರ್ಧ ನಂಬಿದರೆ ಸಾಕು. ಆದರೆ ಬಳ್ಳಿ ಸಂಕಟದಲ್ಲಿತ್ತೇ ಎಂಬುದರ ಗುರುತು ಕಾಯಿಯ ಮೈಮೇಲೆ ಉಳಿದಿರುತ್ತದೆ, ಅದನ್ನು ಓದಲು ಕಲಿಯಬಹುದು.

ಮೊದಲು ನೋಡಬೇಕಾದದ್ದು ಆಕಾರ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚುಕಡಿಮೆ ಒಂದೇ ದಪ್ಪವಿರುವ, ನೇರವಾದ ಕಾಯಿ ತೊಂದರೆಯಿಲ್ಲದೆ ಬೆಳೆದದ್ದು. ತೊಟ್ಟಿನ ಕಡೆ ಕತ್ತು ಹಿಸುಕಿದಂತೆ ಸಣಕಲಾಗಿ, ಕೆಳಗೆ ಹೊಟ್ಟೆ ಉಬ್ಬಿರುವುದು, ನಡುವೆ ಸೊಂಟ ಸಣ್ಣಗಾಗಿರುವುದು, ಕುಡುಗೋಲಿನಂತೆ ಬಾಗಿರುವುದು, ಇವೆಲ್ಲ ಬೆಳೆಯುವ ದಿನಗಳಲ್ಲಿ ನೀರೋ ಪರಾಗವೋ ಸಾಲದೆ ಬಂದದ್ದರ ಗುರುತು. ಡೊಂಕು ಕಾಯಿಯೆಲ್ಲ ಕಹಿ ಎಂದಲ್ಲ. ಆದರೆ ಡೊಂಕನ್ನೂ ಕಹಿಯನ್ನೂ ತರುವ ಕಾರಣ ಒಂದೇ ಆಗಿರಬಹುದಾದ್ದರಿಂದ, ಆರಿಸುವ ಅವಕಾಶವಿದ್ದಾಗ ಅದನ್ನು ಬಿಡುವುದೇ ಮೇಲು. ಅದರಲ್ಲೂ ತೊಟ್ಟಿನ ಕತ್ತು ಸಣಕಲಾಗಿರುವುದನ್ನು ನಾನಂತೂ ಮುಟ್ಟುವುದಿಲ್ಲ.

ಆಮೇಲೆ ಪ್ರಾಯ. ಹಳದಿಗೆ ತಿರುಗಿದ, ಹೊಟ್ಟೆ ದಪ್ಪಗಾದ ಕಾಯಿ ಬಲಿತದ್ದು. ಸಿಪ್ಪೆ ಗಡುಸು, ಬೀಜ ಗಟ್ಟಿ, ರುಚಿಯಲ್ಲಿ ಹುಳಿಯೋ ಕಹಿಯೋ ಸೇರಿರುತ್ತದೆ. ಒಂದು ಎಚ್ಚರ: ನಮ್ಮ ನಾಟಿ ತಳಿಗಳಲ್ಲಿ ಎಳೆಯದಾಗಿದ್ದಾಗಲೇ ತಿಳಿಹಸಿರು, ಕೆನೆಬಿಳಿ ಬಣ್ಣದವು ಇವೆ, ಅವನ್ನು ಬಲಿತದ್ದು ಎಂದು ತಪ್ಪು ತಿಳಿಯಬಾರದು. ಅಲ್ಲಿ ಬಣ್ಣಕ್ಕಿಂತ ಉಗುರು ನಂಬಿಕೆಯದು. ಸಿಪ್ಪೆಗೆ ಉಗುರು ಸುಲಭವಾಗಿ ಇಳಿದರೆ ಎಳೆಯದು. ಹಾಗೆಂದು ಅಂಗಡಿಯವನ ಕಾಯಿಗೆಲ್ಲ ಉಗುರು ನೆಡಬೇಡಿ, ಒಂದಕ್ಕೆ ಸಾಕು, ಅದನ್ನು ನೀವೇ ಕೊಳ್ಳಿ.

ತೊಟ್ಟಿನ ಗುರುತನ್ನೂ ನೋಡಿ. ಹಸಿರಾಗಿ ತೇವವಿದ್ದರೆ ಹೊಸದು, ಒಣಗಿ ಕಪ್ಪಾಗಿದ್ದರೆ ಕೊಯ್ದು ದಿನವಾಗಿದೆ. ಇದು ತಾಜಾತನದ ಗುರುತು ಅಷ್ಟೇ, ಕಹಿಯದಲ್ಲ. ಬೆಳಿಗ್ಗೆ ಕೊಯ್ದ ಕಾಯಿಯೂ ಕಹಿ ಇರಬಹುದು.

ಹಬ್ಬಕ್ಕೋ ಮದುವೆಮನೆಗೋ ಹೆಚ್ಚು ತರುವಾಗ ನಾನು ಹೇಳುವುದು ಇಷ್ಟು: ಕೊಳ್ಳುವ ಮೊದಲು ಆ ಗುಡ್ಡೆಯ ಒಂದು ಕಾಯಿಯನ್ನು ತೊಟ್ಟಿನ ಕಡೆ ಕೊಯ್ಸಿ ರುಚಿ ನೋಡಿ. ಒಂದು ಗುಡ್ಡೆಯ ಕಾಯಿಗಳು ಸಾಮಾನ್ಯವಾಗಿ ಒಂದೇ ಹೊಲದ, ಒಂದೇ ಕೊಯ್ಲಿನವು. ಆ ಒಂದು ಚೆನ್ನಾಗಿದ್ದರೆ ಉಳಿದವೆಲ್ಲ ಚೆನ್ನಾಗಿವೆ ಎಂಬ ಭರವಸೆ ಸಿಗುವುದಿಲ್ಲ. ಆದರೆ ಆ ಒಂದು ಕಡುಕಹಿ ಇದ್ದರೆ ಆ ಗುಡ್ಡೆ ಬಿಟ್ಟು ಮುಂದಿನ ಅಂಗಡಿಗೆ ಹೋಗಲು ಅಷ್ಟು ಕಾರಣ ಸಾಕು.

ಪಾಲಿಹೌಸಿನಲ್ಲಿ ಬೆಳೆದು ಪ್ಲಾಸ್ಟಿಕ್ ಸುತ್ತಿ ಮಾರುವ ಉದ್ದನೆಯ ‘ಇಂಗ್ಲಿಷ್ ಸೌತೆ’ ಬೇರೆ ಲೆಕ್ಕ. ಅದರ ಹೆಚ್ಚಿನ ತಳಿಗಳಲ್ಲಿ ಕಹಿ ತಯಾರಿಸುವ ಗುಣವನ್ನೇ ತೆಗೆದುಹಾಕಿರುತ್ತಾರೆ. ಸಿಪ್ಪೆ ತೆಳು, ಬೀಜ ಇಲ್ಲದಂತೆಯೇ. ಬೆಲೆ ಮಾತ್ರ ಮಾಮೂಲಿ ಸೌತೆಗಿಂತ ಹೆಚ್ಚು. ರುಚಿಯೂ ಸಪ್ಪೆ ಎಂದೇ ನನ್ನ ಅಭಿಪ್ರಾಯ, ಕೋಸಂಬರಿಗೆ ನಾಟಿ ಸೌತೆಯ ಘಮ ಅದರಲ್ಲಿ ಸಿಗುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರಿಗೆ ಕಹಿಯ ಕಾಟ ಕಡಿಮೆ ಅನಿಸುವುದಕ್ಕೆ ಅಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಇಂಥ ತಳಿಗಳೇ ತುಂಬಿರುವುದೂ ಒಂದು ಕಾರಣ.

ಚಾಕು ಹಿಡಿದ ಮೇಲೆ

ಕಾಯಿಗಳನ್ನು ತೊಳೆದು ಒರೆಸಿ ಇಟ್ಟುಕೊಳ್ಳಿ. ಇಲ್ಲಿ ಕೆಲಸದ ಕ್ರಮ ಮುಖ್ಯ. ಬಹಳ ಮನೆಗಳಲ್ಲಿ ಮೊದಲು ಸಿಪ್ಪೆ ಹೆರೆದು, ಆಮೇಲೆ ತುದಿ ಕೊಯ್ದು, ಹೆಚ್ಚುತ್ತಾ ಹೆಚ್ಚುತ್ತಾ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಎರಡು ಕಾಯಿ ಪಾತ್ರೆಗೆ ಬಿದ್ದಾಗಿರುತ್ತದೆ. ಇದನ್ನು ತಿರುಗಿಸಬೇಕು. ಮೊದಲು ತುದಿ, ಆಮೇಲೆ ನಾಲಿಗೆ, ಕೊನೆಗೆ ಸಿಪ್ಪೆ.

ತೊಟ್ಟು ಯಾವ ಕಡೆ ಎಂದು ಗುರುತಿಸಿಕೊಳ್ಳಿ. ತೊಟ್ಟಿನ ತುಂಡು ಉದುರಿ ಹೋಗಿದ್ದರೂ ಆ ಕಡೆ ದುಂಡನೆಯ ಗಟ್ಟಿ ಗುರುತು ಇರುತ್ತದೆ. ಇನ್ನೊಂದು ತುದಿಯಲ್ಲಿ ಹೂವು ಉದುರಿದ ಸಣ್ಣ ಕಲೆ. ಮಾಮೂಲಿ ಕಾಯಿಗಳಲ್ಲಿ ತೊಟ್ಟಿನ ಕಡೆಯ ಬಣ್ಣವೇ ಹೆಚ್ಚು ಗಾಢ, ಹೂವಿನ ತುದಿಯಿಂದ ತಿಳಿ ಗೆರೆಗಳು ಮೇಲಕ್ಕೆ ಹೊರಟು ಮಾಸಿಹೋಗಿರುತ್ತವೆ.

ತೊಟ್ಟಿನ ಕಡೆಯಿಂದ ಒಂದು ಬೆರಳಗಲ, ಅಂದರೆ ಸುಮಾರು ಎರಡು ಸೆಂಟಿಮೀಟರ್, ಕೊಯ್ದು ಬಿಸಾಡಿ. ಇದಕ್ಕೆ ಜಿಪುಣತನ ಬೇಡ. ಆಮೇಲೆ ಉಳಿದ ಕಾಯಿಯಿಂದ, ಅದೇ ಕಡೆ, ಸಿಪ್ಪೆ ಸಮೇತ ಕಾಗದದಷ್ಟು ತೆಳುವಾದ ಒಂದು ಬಿಲ್ಲೆ ಕೊಯ್ಯಿರಿ. ಅದನ್ನು ಅಗಿದು ನಿಧಾನ ಮಾಡಿ. ಕಹಿ ನಾಲಿಗೆಗೆ ತಕ್ಷಣ ಹತ್ತುವುದಿಲ್ಲ. ಮೊದಲು ನೀರಿನ ರುಚಿ, ಸೌತೆಯ ಘಮ ಬರುತ್ತದೆ, ಕಹಿ ಅದರ ಹಿಂದೆ ಬಂದು ನಾಲಿಗೆಯ ಹಿಂಬದಿಯಲ್ಲಿ ನಿಲ್ಲುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಕಾದು ಆಮೇಲೆ ತೀರ್ಮಾನಿಸಿ. ಕಹಿ ಅನಿಸಿದರೆ ನುಂಗದೆ ಉಗಿದುಬಿಡಿ. ಒಂದು ಕಾಯಿಯ ಕಹಿ ಬಾಯಲ್ಲಿದ್ದಾಗ ಮುಂದಿನದರ ರುಚಿ ನೋಡಿದರೆ ಎಲ್ಲವೂ ಕಹಿಯೇ. ನಡುವೆ ಬಾಯಿ ಮುಕ್ಕಳಿಸಿ, ಬೇಕಾದರೆ ಒಂದು ಚಿಟಿಕೆ ಕಡಲೆಯೋ ಅವಲಕ್ಕಿಯೋ ಅಗಿಯಿರಿ.

ಬಿಲ್ಲೆ ಚೆನ್ನಾಗಿದ್ದರೆ ಆ ಕಾಯಿಯ ವಿಚಾರ ಅಲ್ಲಿಗೆ ಮುಗಿಯಿತು. ಅತಿ ಹೆಚ್ಚು ಕಹಿ ಇರಬೇಕಾದ ಜಾಗವೇ ಕಹಿಯಿಲ್ಲ ಎಂದರೆ ಉಳಿದದ್ದು ಸಾಮಾನ್ಯವಾಗಿ ಸರಿಯಿರುತ್ತದೆ. ಸಿಪ್ಪೆ ಎಳೆಯದಾಗಿದ್ದರೆ ತೆಗೆಯುವ ಅಗತ್ಯವೂ ಇಲ್ಲ.

ಕಹಿ ಇದ್ದರೆ, ಆ ಬಿಲ್ಲೆಯ ಸುತ್ತಲಿನ ಹಸಿರು ಅಂಚನ್ನು ಕೊಯ್ದು, ನಡುವಿನ ತಿಳಿ ತಿರುಳನ್ನು ಮಾತ್ರ ಬೇರೆಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ. ಈ ಒಂದು ಪರೀಕ್ಷೆಯಲ್ಲಿ ಮುಂದಿನ ದಾರಿ ತಿಳಿಯುತ್ತದೆ. ತಿರುಳು ಚೆನ್ನಾಗಿದ್ದು ಅಂಚು ಮಾತ್ರ ಕಹಿ ಎಂದರೆ ಸಿಪ್ಪೆ ದಪ್ಪವಾಗಿ ತೆಗೆದರೆ ಕಾಯಿ ಉಳಿಯುತ್ತದೆ. ತಿರುಳೂ ಕಹಿ ಎಂದರೆ ಇನ್ನೊಂದು ಬೆರಳಗಲ ಕೆಳಗೆ ಸರಿದು ಅಲ್ಲಿ ಮತ್ತೆ ಬಿಲ್ಲೆ ಕೊಯ್ದು ನೋಡಬೇಕು. ಹೀಗೆ ಇಳಿಯುತ್ತಾ ಹೋಗಿ ಕಾಯಿಯ ಮೂರನೇ ಒಂದು ಭಾಗ ದಾಟಿದರೂ ತಿರುಳಿನ ಕಹಿ ಹೋಗದಿದ್ದರೆ ಆ ಕಾಯಿಯನ್ನು ಬಿಟ್ಟುಬಿಡಿ. ಅದರಿಂದ ಉಳಿಯುವ ನಾಲ್ಕು ಬಿಲ್ಲೆಗಾಗಿ ಇಡೀ ಕೋಸಂಬರಿಯನ್ನು ಪಣಕ್ಕಿಡುವುದು ಲಾಭದ ವ್ಯಾಪಾರವಲ್ಲ.

ಸಿಪ್ಪೆ ತೆಗೆಯುವುದು

ಪೀಲರ್ ತೆಗೆಯುವ ಸಿಪ್ಪೆ ಬಹಳ ತೆಳು, ಹೆಚ್ಚೆಂದರೆ ಒಂದು ಮಿಲಿಮೀಟರ್. ಸಿಪ್ಪೆ ಹೋದ ಮೇಲೂ ಕಾಯಿ ಹಸಿರಾಗಿ ಕಾಣುತ್ತಿದ್ದರೆ ಕಹಿ ಕೂತಿರುವ ಪದರ ಇನ್ನೂ ಅಲ್ಲೇ ಇದೆ ಎಂದರ್ಥ. ‘ಸಿಪ್ಪೆ ತೆಗೆದರೂ ಕಹಿ’ ಎಂಬ ದೂರು ಬರುವುದು ಇಲ್ಲೇ. ಕಹಿ ಕಾಯಿಗೆ ಪೀಲರನ್ನು ಎರಡು ಸಲ ಆಡಿಸಬೇಕು, ಇಲ್ಲವೇ ಚಾಕುವಿನಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹೆರೆಯಬೇಕು. ಅಳತೆ ಕಣ್ಣಿಗೇ ಸಿಗುತ್ತದೆ: ಹಸಿರು ಹೋಗಿ ತಿಳಿಬಿಳಿ ತಿರುಳು ಕಾಣುವವರೆಗೆ. ತೊಟ್ಟಿನ ಕಡೆಯ ಮೂರನೇ ಒಂದು ಭಾಗದಲ್ಲಿ ಇದನ್ನು ಕಟ್ಟುನಿಟ್ಟಾಗಿ ಮಾಡಿ. ಕೆಳಗಿನ ಅರ್ಧಕ್ಕೆ ಒಂದು ಸಲ ಪೀಲರ್ ಆಡಿಸಿದರೆ ಸಾಕಾಗುತ್ತದೆ.

ಹೆರೆಯುವ ದಿಕ್ಕಿನ ಬಗ್ಗೆ ಹಿರಿಯರ ಒಂದು ಮಾತಿದೆ: ಹೂವಿನ ತುದಿಯಿಂದ ತೊಟ್ಟಿನ ಕಡೆಗೆ ಹೆರೆಯಬೇಕು, ಕಹಿ ಕಾಯಿಗೆಲ್ಲ ಹಚ್ಚಿಕೊಳ್ಳಬಾರದು ಎಂದು. ಕಹಿ ತೊಟ್ಟನ್ನು ಕೊಯ್ದ ಅಲಗಿನಲ್ಲೇ ಚೆನ್ನಾಗಿರುವ ಭಾಗವನ್ನು ಹೆರೆದರೆ ಸ್ವಲ್ಪ ರಸ ಅಂಟುವುದು ಸಹಜ. ಈ ಮಾತಿನಲ್ಲಿ ಹುರುಳಿದೆ, ಆದರೆ ಅದರಿಂದಾಗುವ ವ್ಯತ್ಯಾಸ ಅಲ್ಪ. ದಿಕ್ಕಿಗಿಂತ ಹೆಚ್ಚು ಉಪಯೋಗ ಆಗುವುದು ತೊಟ್ಟು ಕೊಯ್ದ ಮೇಲೆ ಚಾಕು, ಮಣೆ ಎರಡನ್ನೂ ಒಮ್ಮೆ ತೊಳೆಯುವುದರಿಂದ. ಈಳಿಗೆಯಲ್ಲಿ ಹೆಚ್ಚುವವರು ಅಲಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಆಯಿತು.

ಕಹಿ ಇಲ್ಲದ ಕಾಯಿಯ ಸಿಪ್ಪೆಯನ್ನು ಅಭ್ಯಾಸಬಲದಿಂದ ತೆಗೆಯಬೇಡಿ. ನಾರೂ ಹಸಿರು ಬಣ್ಣವೂ ಇರುವುದು ಅದರಲ್ಲೇ. ಕೋಸಂಬರಿಯಲ್ಲಿ ಸೌತೆ ಚೂರು ಬೇಗ ನೀರುಬಿಟ್ಟು ಮೆತ್ತಗಾಗದಂತೆ ಹಿಡಿಯುವುದೂ ಸಿಪ್ಪೆಯೇ.

ತಿಕ್ಕಿ ನೊರೆ ತೆಗೆಯುವುದು

ತುದಿ ಕೊಯ್ದು, ಆ ತುಂಡಿನಿಂದಲೇ ಕೊಯ್ದ ಜಾಗವನ್ನು ತಿಕ್ಕಿ, ಬಿಳಿ ನೊರೆ ಬಂದ ಮೇಲೆ ‘ಕಹಿ ಹೊರಗೆ ಬಂತು’ ಎನ್ನುವುದು ನಮ್ಮಲ್ಲಿ ಎಷ್ಟು ಸಹಜ ಎಂದರೆ, ಬಸ್‌ಸ್ಟ್ಯಾಂಡಿನಲ್ಲಿ ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಕೊಡುವವರೂ ಕೈ ತಾನೇ ಆಡಿದಂತೆ ತಿಕ್ಕುತ್ತಾರೆ. ಇದರಿಂದ ಕಹಿ ಹೋಗುತ್ತದೆಯೇ?

ಆ ನೊರೆ ಬಳ್ಳಿಯ ಆಹಾರರಸ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗೆ ತಲುಪಿಸುವ ನಾಳಗಳು ತೊಟ್ಟಿನಿಂದ ಒಳಗೆ ಬರುತ್ತವೆ. ಅವನ್ನು ಕೊಯ್ದಾಗ ಅಂಟುಅಂಟಾದ ರಸ ಒಸರುತ್ತದೆ, ತಿಕ್ಕಿದಾಗ ಗಾಳಿ ಸೇರಿ ನೊರೆಯಾಗುತ್ತದೆ. ಕಹಿ ಕಾಯಿಯಲ್ಲಿ ಆ ರಸವೂ ಕಹಿ ಇರಬಹುದು, ನಿಜ. ಆದರೆ ಕಹಿಯಿಲ್ಲದ ಕಾಯಿಯನ್ನು ತಿಕ್ಕಿದರೂ ನೊರೆ ಬರುತ್ತದೆ. ನೊರೆ ಹೆಚ್ಚು ಬಂದರೆ ಕಾಯಿ ತಾಜಾ ಎಂದು ತಿಳಿಯಬಹುದು, ಕಹಿ ಎಂದಲ್ಲ. ಇನ್ನು ತಿರುಳಿನ, ಸಿಪ್ಪೆಯ ಜೀವಕೋಶಗಳ ಒಳಗೆ ಕೂತಿರುವ ಕಹಿಯನ್ನು ಒಂದು ತುದಿಯಲ್ಲಿ ತಿಕ್ಕಿ ಎಳೆದು ತರಲು ಆಗುವುದಿಲ್ಲ.

ಅನುಮಾನವಿದ್ದರೆ ಪರೀಕ್ಷೆ ಮಾಡುವುದು ಸುಲಭ. ತೊಟ್ಟಿನ ಕಡೆ ಕಹಿಯಿರುವ ಒಂದು ಕಾಯಿಯನ್ನು ಉದ್ದುದ್ದಕ್ಕೆ ಎರಡು ಹೋಳು ಮಾಡಿ. ಎರಡು ಹೋಳಿನ ತುದಿಯನ್ನೂ ಒಂದೇ ಅಳತೆಗೆ ಕೊಯ್ಯಿರಿ. ಒಂದನ್ನು ನಿಮಿಷ ಹೊತ್ತು ಚೆನ್ನಾಗಿ ತಿಕ್ಕಿ ತೊಳೆಯಿರಿ, ಇನ್ನೊಂದನ್ನು ಬರಿದೇ ತೊಳೆಯಿರಿ. ಎರಡರಿಂದಲೂ ತುದಿಯಿಂದ ಒಂದೇ ದೂರದಲ್ಲಿ ಒಂದೊಂದು ಚೂರು ಕೊಯ್ದು, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಕೊಡಿ. ಗುರುತಿಸಲು ಅವರು ತಡಕಾಡುವುದನ್ನು ನೋಡುತ್ತೀರಿ. ಹಾಗಿದ್ದರೆ ತಿಕ್ಕಿದವರಿಗೆಲ್ಲ ಕಹಿ ಕಡಿಮೆಯಾದಂತೆ ಅನಿಸುವುದೇಕೆ? ತಿಕ್ಕುವ ಮೊದಲು ತುದಿ ಕೊಯ್ದಿರುತ್ತಾರಲ್ಲ. ಅತಿ ಹೆಚ್ಚು ಕಹಿ ಇರುವ ಭಾಗ ಆಗಲೇ ಹೋಗಿಯಾಗಿದೆ, ಹೆಸರು ಮಾತ್ರ ನೊರೆಗೆ ಬಂತು. ತಿಕ್ಕುವುದರಿಂದ ಕೆಡುಕೇನೂ ಇಲ್ಲ. ತಿಕ್ಕಿದ್ದಾಯಿತು ಎಂದು ರುಚಿ ನೋಡುವುದನ್ನು ಬಿಟ್ಟರೆ ಮಾತ್ರ ಕೆಡುಕು.

ಉಪ್ಪಿನ ಕತೆ ಸ್ವಲ್ಪ ಬೇರೆ. ಉಪ್ಪು ಸವರಿಟ್ಟರೆ ಸೌತೆ ನೀರು ಬಿಡುತ್ತದೆ, ನಾಲಿಗೆಗೆ ಕಹಿಯೂ ಕಡಿಮೆ ಅನಿಸುತ್ತದೆ. ಉಪ್ಪಿಗೆ ಕಹಿಯನ್ನು ಮರೆಮಾಚುವ ಗುಣವಿದೆ. ಆದರೆ ಕುಕುರ್ಬಿಟಾಸಿನ್ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ, ಅದು ಬಹುಪಾಲು ಕಾಯಿಯಲ್ಲೇ ಉಳಿಯುತ್ತದೆ. ಮೊಸರು, ಹಸಿಮೆಣಸು, ಇಂಗಿನ ಒಗ್ಗರಣೆ ಮಾಡುವುದೂ ಇಷ್ಟೇ. ಎಲ್ಲೋ ಒಂದೆಳೆ ಕಹಿಯಿರುವ ಕಾಯಿಯನ್ನು ಸಿಪ್ಪೆ ತೆಗೆದು ಮೊಸರುಬಜ್ಜಿಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಬೇಯಿಸಿದರೂ ಕಹಿ ನಾಶವಾಗುವುದಿಲ್ಲ, ಹಾಗಾಗಿ ಪಲ್ಯ, ಹುಳಿ, ದೋಸೆಗೆ ಹೋಗುವ ಕಾಯಿಗೂ ಇದೇ ರುಚಿಪರೀಕ್ಷೆ ಆಗಬೇಕು. ಕರಾವಳಿಯ ಅಡುಗೆಯವರು ಮಂಗಳೂರು ಸೌತೆಯನ್ನು ಕೊಯ್ದ ಕೂಡಲೇ ಹಸಿ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುವುದು ಇದಕ್ಕೇ. ಕೊದಿಲಿಗೆ ಬಿದ್ದ ಮೇಲೆ ಸರಿಪಡಿಸುವ ದಾರಿಯಿಲ್ಲ.

ಒಂದು ಕಿಲೋ ಸೌತೆಕಾಯಿ, ಒಂದು ಕೋಸಂಬರಿ

ಎರಡು ಬಟ್ಟಲು ಹೆಸರುಬೇಳೆ ನೆನೆಹಾಕಿದ್ದೀರಿ, ಒಂದು ಕಿಲೋ ಸೌತೆ ತಂದಿದ್ದೀರಿ ಎಂದಿಟ್ಟುಕೊಳ್ಳಿ. ಮಧ್ಯಮ ಗಾತ್ರದ್ದಾದರೆ ಐದು ಕಾಯಿ ಬರುತ್ತದೆ. ಐದರ ತೊಟ್ಟಿನ ತುದಿಯನ್ನೂ ಮೊದಲೇ ಕೊಯ್ದು, ಪ್ರತಿ ಕಾಯಿಯ ಮುಂದೆ ಅದರದೇ ಬಿಲ್ಲೆ ಇಟ್ಟುಕೊಳ್ಳಿ. ಸಾಲಾಗಿ ಇಟ್ಟುಕೊಂಡರೆ ಯಾವುದರ ರುಚಿ ಯಾವುದು ಎಂಬ ಗೊಂದಲವಾಗುವುದಿಲ್ಲ.

ಮೊದಲ ಎರಡು ಕಾಯಿಯಲ್ಲಿ ಹತ್ತು ಎಣಿಸಿದರೂ ಕಹಿ ಬರಲಿಲ್ಲ. ಅವು ಸಿಪ್ಪೆ ಸಮೇತ ಹೆಚ್ಚಲು ಪಕ್ಕಕ್ಕೆ. ಮೂರನೆಯದರಲ್ಲಿ ಸ್ವಲ್ಪ ಕಹಿ, ಹಸಿರು ಅಂಚು ತೆಗೆದರೆ ತಿರುಳು ಸಿಹಿ. ಇದರ ಮೇಲಿನ ಮೂರನೇ ಒಂದು ಭಾಗಕ್ಕೆ ಎರಡು ಸಲ, ಉಳಿದದ್ದಕ್ಕೆ ಒಂದು ಸಲ ಪೀಲರ್ ಆಡಿಸಿ, ಮೇಲ್ಭಾಗದ ಚೂರೊಂದನ್ನು ಮತ್ತೆ ಬಾಯಿಗೆ ಹಾಕಿ ಖಚಿತ ಮಾಡಿಕೊಂಡು ಸೇರಿಸಿಕೊಳ್ಳಿ. ನಾಲ್ಕನೆಯದರಲ್ಲಿ ತಿರುಳೂ ಕಹಿ. ಇನ್ನೊಂದು ಬೆರಳಗಲ ಕೊಯ್ದು ನೋಡಿದರೆ ತಿರುಳಿನ ಕಹಿ ಹೋಗಿದೆ, ಅಂಚಿನಲ್ಲಿ ಮಾತ್ರ ಉಳಿದಿದೆ. ಅಲ್ಲಿಂದ ಕೆಳಗಿನದನ್ನು ಹಸಿರು ಕಾಣದಂತೆ ಹೆರೆದು ಇಟ್ಟುಕೊಳ್ಳಿ. ಇದನ್ನು ಕೋಸಂಬರಿಗೆ ಹಾಕುವುದಕ್ಕಿಂತ ಮೊಸರುಬಜ್ಜಿಗೆ ಎತ್ತಿಡುವುದು ಜಾಣತನ. ಐದನೆಯದರ ಬಿಲ್ಲೆ ನಾಲಿಗೆಗೆ ಮುಟ್ಟಿದ ಕೂಡಲೇ ಮುಖ ಕಿವುಚಿತು. ಎರಡು ಬೆರಳಗಲ ಇಳಿದರೂ, ನಡುವಿಗೆ ಬಂದರೂ ಅದೇ ಕಹಿ. ಅದನ್ನು ಪೂರ್ತಿ ಬಿಸಾಡಿ.

ಹೀಗೆ ಒಂದು ಕಿಲೋದಲ್ಲಿ ಕೋಸಂಬರಿಗೆ ಸಿಕ್ಕಿದ್ದು ಮೂರು ಕಾಯಿ, ಹೆಚ್ಚುಕಡಿಮೆ ಅರ್ಧ ಕಿಲೋ. ಎರಡು ಬಟ್ಟಲು ಬೇಳೆಗೆ ಅಷ್ಟು ಸಾಕು. ಬೇಸಿಗೆಯಲ್ಲಿ ಲೆಕ್ಕಕ್ಕಿಂತ ಒಂದೆರಡು ಕಾಯಿ ಹೆಚ್ಚು ತರಬೇಕೆನ್ನುವುದು ಇದಕ್ಕೇ. ಹತ್ತು ನಿಮಿಷದ ಕೆಲಸ. ಉಪ್ಪು, ನಿಂಬೆರಸವನ್ನು ಬಡಿಸುವ ಹೊತ್ತಿಗೆ ಕಲಸಿದರೆ ನೀರು ಬಿಡುವುದಿಲ್ಲ.

ಕಡುಕಹಿಯನ್ನು ನುಂಗಬೇಡಿ

ತುದಿಯಲ್ಲಿ ಸ್ವಲ್ಪ ಕಹಿ ಇದ್ದು, ಅದನ್ನು ಕೊಯ್ದು ಉಳಿದದ್ದು ತಿಂದರೆ ಏನೂ ಆಗುವುದಿಲ್ಲ. ಆದರೆ ಇಡೀ ಕಾಯಿ ಕಡುಕಹಿ ಇದ್ದಾಗ ‘ಕಹಿ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಔಷಧಿ’ ಎಂದು ಹಟ ಹಿಡಿದು ತಿನ್ನುವುದು ಸಲ್ಲ. ಹಾಗಲದ ಕಹಿ ಬೇರೆ, ಇದು ಬೇರೆ. ಕುಕುರ್ಬಿಟಾಸಿನ್ ಹೆಚ್ಚಾಗಿ ಹೊಟ್ಟೆ ಸೇರಿದರೆ ಹೊಟ್ಟೆನೋವು, ವಾಂತಿ, ಭೇದಿ ಆಗುತ್ತದೆ, ಜೋರಾದರೆ ವಾಂತಿಯಲ್ಲಿ ರಕ್ತವೂ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೆ ಪ್ರತಿವಿಷವಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ, ಹಾಗಾಗಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೌತೆಗಿಂತ ಸೋರೆಕಾಯಿಯಲ್ಲಿ ಈ ಅಪಾಯ ಹೆಚ್ಚು. ಕಹಿ ಸೋರೆಕಾಯಿ ರಸ ಕುಡಿದು ಜನ ಸತ್ತ ಪ್ರಕರಣಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ, ರಸ ತೆಗೆಯುವ ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಕುಡಿಯಬೇಡಿ ಎಂದು ಹೇಳಿತು. ರಸದ ತೊಂದರೆ ಏನೆಂದರೆ ನಾಲ್ಕು ಕಾಯಿಯ ಕಹಿಯನ್ನು ಒಂದು ಲೋಟದಲ್ಲಿ ಗಟಗಟ ಇಳಿಸಿಬಿಡಬಹುದು. ಸೌತೆ ಜ್ಯೂಸ್ ಮಾಡುವವರು ಪ್ರತಿ ಕಾಯಿಯ ರುಚಿಯನ್ನೂ ಮೊದಲೇ ನೋಡಲೇಬೇಕು. ಎಳೆ ಮಕ್ಕಳು ಕಹಿ ಎಂದು ಉಗಿದರೆ ಗದರಬೇಡಿ, ಅವರ ನಾಲಿಗೆ ಸರಿಯಾಗಿಯೇ ಹೇಳುತ್ತಿರುತ್ತದೆ.

ಬಳ್ಳಿ ನಿಮ್ಮದೇ ಆಗಿದ್ದರೆ

ತಾರಸಿಯಲ್ಲೋ ಹಿತ್ತಲಲ್ಲೋ ಬೆಳೆಯುವವರಿಗೆ ಮೊದಲ ಕೆಲಸ ನೀರನ್ನು ಸಮನಾಗಿ ಕೊಡುವುದು. ಕುಂಡದ ಮಣ್ಣಿನಲ್ಲಿ ಬೆರಳಿನ ಎರಡು ಗೆಣ್ಣು ಇಳಿಸಿದಾಗ ತೇವ ತಾಗಬೇಕು. ಬೇಸಿಗೆಯಲ್ಲಿ ಕುಂಡಕ್ಕೆ ದಿನಕ್ಕೆ ಎರಡು ಹೊತ್ತೂ ನೀರು ಬೇಕಾಗಬಹುದು. ಬುಡಕ್ಕೆ ಒಣ ತರಗೆಲೆಯೋ ತೆಂಗಿನ ನಾರೋ ಹೊದಿಸಿ, ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ ಕಟ್ಟಿ. ಕಾಯಿ ಬಲಿಯಲು ಬಿಡದೆ ದಿನ ಬಿಟ್ಟು ದಿನ ಕೊಯ್ಯಿರಿ. ಕಹಿ ಬಂದ ಕಾಯಿ ಬಳ್ಳಿಯಲ್ಲಿ ಉಳಿದರೂ ಸಿಹಿಯಾಗುವುದಿಲ್ಲ, ಅದನ್ನು ಕಿತ್ತುಹಾಕಿ. ನೀರು ಸರಿಯಾದ ಮೇಲೆ ಕಚ್ಚುವ ಹೊಸ ಕಾಯಿಗಳು ಚೆನ್ನಾಗಿರುತ್ತವೆ, ಹಾಗಾಗಿ ಒಂದು ಕಹಿ ಕಾಯಿಗಾಗಿ ಬಳ್ಳಿಯನ್ನೇ ಕೀಳುವ ಆತುರ ಬೇಡ.

ಬೀಜ ಕೊಳ್ಳುವಾಗ ಕಹಿ ಇಲ್ಲದ ತಳಿ ಕೇಳಿ ನೋಡಬಹುದು. ಎಲೆಯಲ್ಲಿಯೂ ಕಾಯಿಯಲ್ಲಿಯೂ ಕಹಿ ತಯಾರಿಸದ ಸೌತೆಯ ಬಗ್ಗೆ ನೆದರ್ಲೆಂಡ್ಸ್‌ನ ತಳಿವಿಜ್ಞಾನಿಗಳು 1959ರಲ್ಲಿ ವರದಿ ಮಾಡಿದರು, ಅದರ ಗುಣವೇ ಇವತ್ತಿನ ಬಹಳಷ್ಟು ಪಾಲಿಹೌಸ್ ತಳಿಗಳಲ್ಲಿದೆ. ಇಂಥ ತಳಿಯನ್ನು ಮೊಳಕೆಯಲ್ಲೇ ಗುರುತಿಸಬಹುದು. ಬೀಜ ಮೊಳೆತಾಗ ಮೊದಲು ಬರುವ ಎರಡು ದಪ್ಪ ಬೀಜದಳಗಳಲ್ಲಿ ಒಂದರ ಅಂಚನ್ನು ಚಿವುಟಿ ನಾಲಿಗೆಗೆ ಮುಟ್ಟಿಸಿ. ಕಹಿಯಿಲ್ಲದಿದ್ದರೆ ಆ ಬಳ್ಳಿಯ ಕಾಯಿ ಎಂಥ ಬಿಸಿಲಿಗೂ ಕಹಿಯಾಗುವುದಿಲ್ಲ. ಕಹಿಯಿದ್ದರೆ ಅದು ಮಾಮೂಲಿ ಸೌತೆ, ನೀರಿನ ವಿಚಾರದಲ್ಲಿ ಎಚ್ಚರವಿರಲಿ. ಕಹಿ ಇಲ್ಲದ ಬಳ್ಳಿಗೆ ಅದರದೇ ಒಂದು ಕೊರತೆಯೂ ಇದೆ, ಕಾವಲಿನ ಕಹಿ ಹೋದದ್ದರಿಂದ ಕೆಂಪುನುಸಿಗೆ ಅದು ಬೇಗ ತುತ್ತಾಗುತ್ತದೆ. ಎಲೆಯ ತಳಭಾಗವನ್ನು ವಾರಕ್ಕೊಮ್ಮೆ ತಿರುಗಿಸಿ ನೋಡಿ.

ನಾಟಿ ತಳಿಯ ಬೀಜವನ್ನು ಮನೆಯಲ್ಲೇ ಎತ್ತಿಡುವವರು, ಬೀಜಕ್ಕೆ ಬಿಡುವ ಬಳ್ಳಿ ಯಾವುದೆಂದು ಬೇಸಿಗೆಯ ಕಾಯಿ ತಿಂದು ನೋಡಿಯೇ ನಿರ್ಧರಿಸಬೇಕು. ಮಳೆಗಾಲದಲ್ಲಿ ಎಲ್ಲ ಬಳ್ಳಿಯ ಕಾಯಿಯೂ ಸಿಹಿಯೇ. ಬಿಸಿಲಿನಲ್ಲೂ ತೊಟ್ಟಿನ ತನಕ ಸಿಹಿಯಿದ್ದ ಬಳ್ಳಿಗೆ ಒಂದು ದಾರ ಕಟ್ಟಿ ಗುರುತು ಮಾಡಿ, ಅದರಲ್ಲಿ ಎರಡು ಕಾಯಿಯನ್ನು ಹಳದಿಯಾಗಿ ಬಲಿಯುವವರೆಗೆ ಬಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಬೀಜ ಸಾಕಾಗುತ್ತದೆ.